ಬೆಂಡೆಕಾಯಿ ನೀರು: ಸಕ್ಕರೆಯನ್ನು ತಡೆಯುವ ಲೋಳೆ ಮಾತ್ರೆಯನ್ನೂ ತಡೆಯಬಹುದು

ನಾಲ್ಕೈದು ಬೆಂಡೆಕಾಯಿಯ ತೊಟ್ಟು, ತುದಿ ತೆಗೆದು ಉದ್ದಕ್ಕೆ ಸೀಳಬೇಕು. ರಾತ್ರಿಯಿಡೀ ಒಂದು ಲೋಟ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಕಾಯಿ ಎಸೆದು, ಖಾಲಿ ಹೊಟ್ಟೆಗೆ ಆ ಲೋಳೆ ನೀರು ಕುಡಿಯಬೇಕು. ಶುಗರ್ ಇಳಿಯುತ್ತದೆ ಎಂದು ಫೋನಿನಿಂದ ಫೋನಿಗೆ ಓಡಾಡುವ ಮದ್ದು ಇದು. ಜೊತೆಗೆ ‘ಸಂಶೋಧನೆಯಿಂದ ಸಾಬೀತಾಗಿದೆ’ ಅನ್ನುವ ಸಾಲು ಇದ್ದೇ ಇರುತ್ತದೆ. ಸಂಶೋಧನೆ ನಡೆದಿರುವುದು ನಿಜ. ಆದರೆ ಬಹುಪಾಲು ನಡೆದದ್ದು ಈ ನೀರಿನ ಮೇಲಲ್ಲ.

ಬೆಂಡೆಗೂ ಸಕ್ಕರೆ ಕಾಯಿಲೆಗೂ ನಂಟು ಹಾಕಿದ್ದು ಹಳೆಯ ನಾಟಿ ವೈದ್ಯ. ಟರ್ಕಿಯಲ್ಲಿ ಬೆಂಡೆ ಬೀಜವನ್ನು ಹುರಿದು ಇದಕ್ಕಾಗಿ ಬಳಸುವ ರೂಢಿಯಿತ್ತು. ಅಲ್ಲಿ ಬಳಸುತ್ತಿದ್ದದ್ದು ಬೀಜ, ನೆನೆಸಿದ ನೀರಲ್ಲ. ಲೋಳೆಯ ಕಡೆಗೆ ವಿಜ್ಞಾನದ ಗಮನ ಹರಿದದ್ದು 1970ರ ದಶಕದಲ್ಲಿ, ಅದೂ ಬೇರೊಂದು ಕಾಯಿಯಿಂದ. ಡೇವಿಡ್ ಜೆಂಕಿನ್ಸ್ ಮತ್ತು ಅವರ ಜೊತೆಗಾರರು ಬ್ರಿಟನ್ನಿನಲ್ಲಿ ಗೋರಿಕಾಯಿ ಬೀಜದ ಅಂಟನ್ನು, ಅಂದರೆ ಗ್ವಾರ್ ಗಮ್ ಅನ್ನು, ಗ್ಲುಕೋಸ್ ನೀರಿನಲ್ಲಿ ಕಲಸಿ ಜನರಿಗೆ ಕುಡಿಸಿ ನೋಡಿದರು. ಬರೀ ಗ್ಲುಕೋಸ್ ಕುಡಿದಾಗ ಏರುವಷ್ಟು ರಕ್ತದ ಸಕ್ಕರೆ ಏರಲಿಲ್ಲ. 1978ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪ್ರಯೋಗ ಇನ್ನೂ ಸ್ವಾರಸ್ಯದ್ದು. ಅದೇ ಗ್ವಾರ್ ಗಮ್ಮಿನ ಲೋಳೆತನವನ್ನು ಮೊದಲೇ ಮುರಿದು ಕೊಟ್ಟರು. ಪರಿಣಾಮವೂ ಮಾಯವಾಯಿತು.

ಅಂದರೆ ಕೆಲಸ ಮಾಡುತ್ತಿದ್ದದ್ದು ಲೋಳೆತನವೇ. ಹೊಟ್ಟೆಯಲ್ಲಿರುವುದು ಗಟ್ಟಿ ಲೋಳೆಯಾದರೆ ಊಟ ಕರುಳಿಗೆ ನಿಧಾನವಾಗಿ ಇಳಿಯುತ್ತದೆ. ಕರುಳಿನಲ್ಲಿ ಸಕ್ಕರೆ ಗೋಡೆಯನ್ನು ಮುಟ್ಟುವುದೂ ತಡವಾಗುತ್ತದೆ. ಇದಕ್ಕೆ ಎರಡು ಷರತ್ತುಗಳಿವೆ. ಲೋಳೆ ಸಾಕಷ್ಟಿರಬೇಕು, ಮತ್ತು ಅದು ಊಟದ ಜೊತೆಗೇ ಬೆರೆತಿರಬೇಕು. ಈ ಲೋಳೆ ಅಂದರೆ ನೀರಿನಲ್ಲಿ ಕರಗುವ ನಾರು. ಆ ಪ್ರಯೋಗಗಳಲ್ಲಿ ಒಂದು ಸಲಕ್ಕೆ ಕೊಟ್ಟ ನಾರು ಹತ್ತು ಗ್ರಾಂಗಿಂತ ಜಾಸ್ತಿ. ನೂರು ಗ್ರಾಂ ಬೆಂಡೆಕಾಯಿಯಲ್ಲಿ ಕರಗುವ, ಕರಗದ ನಾರು ಎರಡೂ ಸೇರಿ ಸುಮಾರು 3 ಗ್ರಾಂ. ನಾಲ್ಕೈದು ಕಾಯಿ ಅಂದರೆ ಅದರ ಅರ್ಧ ಅಂದುಕೊಳ್ಳೋಣ. ಅದರಲ್ಲೂ ನೀರಿಗೆ ಇಳಿಯುವುದು ಒಂದು ಪಾಲು ಮಾತ್ರ. ಉಳಿದದ್ದನ್ನು ಕಾಯಿಯ ಜೊತೆ ನಾವೇ ಎಸೆಯುತ್ತೇವೆ. ಖಾಲಿ ಹೊಟ್ಟೆಗೆ ಕುಡಿದು ಗಂಟೆ ಬಿಟ್ಟು ತಿಂಡಿ ತಿಂದರೆ ಎರಡನೇ ಷರತ್ತೂ ಹೋಯಿತು.

2011ರಲ್ಲಿ ಬೆಂಡೆಯ ಬಗ್ಗೆಯೇ ಎರಡು ಅಧ್ಯಯನಗಳು ಬಂದವು. ಒಂದರಲ್ಲಿ ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಬೆಂಡೆಯ ಸಿಪ್ಪೆ ಮತ್ತು ಬೀಜದ ಪುಡಿ ಕೊಟ್ಟರು, ಸಕ್ಕರೆ ಇಳಿಯಿತು. ಎಲ್ಲರೂ ಹಂಚುವ ‘ಸಾಬೀತು’ ಹೆಚ್ಚಾಗಿ ಇಂಥದ್ದೇ. ಇನ್ನೊಂದು ಬಾಂಗ್ಲಾದೇಶದ ಸಂಶೋಧಕರದ್ದು. ಅವರು ಬೆಂಡೆಯ ನೀರಿನಲ್ಲಿ ಕರಗುವ ಭಾಗವನ್ನೇ ತೆಗೆದುಕೊಂಡರು. ನಮ್ಮ ಲೋಟದ ನೀರಿಗೆ ಹತ್ತಿರದ ಅಧ್ಯಯನ ಇದು. ಉಪವಾಸವಿದ್ದ ಇಲಿಗಳಿಗೆ ಗ್ಲುಕೋಸ್ ಜೊತೆ ಅದನ್ನು ಕೊಟ್ಟಾಗ ಸಕ್ಕರೆ ಕಡಿಮೆ ಏರಿತು. ಈ ಅರ್ಧ ಎಲ್ಲ ಕಡೆ ಹರಡಿತು. ಅದೇ ಪ್ರಬಂಧದ ಇನ್ನರ್ಧ ಹರಡಲಿಲ್ಲ: ಸಕ್ಕರೆ ಕಾಯಿಲೆಯ ಇಲಿಗಳಿಗೆ ಆ ಕಾಯಿಲೆಗೆ ಕೊಡುವ ಔಷಧ ಮೆಟ್‌ಫಾರ್ಮಿನ್ ಜೊತೆ ಅದನ್ನು ಕೊಟ್ಟಾಗ, ಔಷಧ ಒಂದನ್ನೇ ಕೊಟ್ಟಾಗ ಇಳಿದಷ್ಟು ಸಕ್ಕರೆ ಇಳಿಯಲಿಲ್ಲ. ಲೋಳೆ ಔಷಧದ ಹೀರಿಕೆಯನ್ನೂ ತಡೆದಿತ್ತು.

ಇದು ಇಲಿಗಳ ಮಾತು ತಾನೇ ಅನ್ನಬಹುದು. ಆದರೆ ಗ್ವಾರ್ ಗಮ್ ಮೆಟ್‌ಫಾರ್ಮಿನ್ ಹೀರಿಕೆಯನ್ನು ಕಡಿಮೆ ಮಾಡುತ್ತದೆ ಎಂಬುದು 1989ರಲ್ಲೇ ಆರೋಗ್ಯವಂತ ಮನುಷ್ಯರಲ್ಲಿ ಕಂಡುಬಂದಿತ್ತು. ಇದೇ ರೀತಿ ಲೋಳೆಯಾಗುವ ಇಸಬಗೋಲ್ ತೆಗೆದುಕೊಳ್ಳುವವರಿಗೆ ಮಾತ್ರೆಗೂ ಅದಕ್ಕೂ ನಡುವೆ ಸಮಯ ಬಿಡಿ ಎಂದು ಹೇಳುವುದೂ ಈ ಭಯಕ್ಕೇ.

ಮನುಷ್ಯರ ಮೇಲೆ ಬೆಂಡೆಯ ಪರೀಕ್ಷೆಗಳು ನಡೆದದ್ದು ಆಮೇಲೆ, ಹೆಚ್ಚಿನವು ಇರಾನಿನಲ್ಲಿ. ಕೊಟ್ಟದ್ದು ಹೆಚ್ಚಾಗಿ ಪುಡಿ ಇಲ್ಲವೇ ಸಾರ. ಒಂದೊಂದರಲ್ಲಿ ಹತ್ತಾರು ಜನ, ಎರಡು ಮೂರು ತಿಂಗಳು. 2023ರಲ್ಲಿ ಇಂಥ ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದಾಗ ಫಾಸ್ಟಿಂಗ್ ಶುಗರ್ ಸ್ವಲ್ಪ ಇಳಿದಿತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ ನಂಬುವಷ್ಟು ಇಳಿದಿರಲಿಲ್ಲ. ನನ್ನ ಕಣ್ಣಿಗೆ ಇದು ಬೆಂಡೆಯನ್ನು ತಳ್ಳಿಹಾಕುವ ಫಲಿತಾಂಶವಲ್ಲ. ಹಾಗಂತ ಮಾತ್ರೆಯ ಜಾಗಕ್ಕೆ ತಂದು ಕೂರಿಸುವಂಥದ್ದೂ ಅಲ್ಲ.

ಮತ್ತೆ ‘ನನಗೆ ಇಳಿಯಿತು’ ಅನ್ನುವವರೆಲ್ಲ ಸುಳ್ಳು ಹೇಳುತ್ತಾರಾ? ಇಲ್ಲ. ಮನೆಯ ಗ್ಲುಕೋಮೀಟರ್‌ಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ ನೂರರ ಮೇಲಿನ ಅಂಕಿಗಳಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ನಿಜವಾದ ಸಕ್ಕರೆ 150 ಇದ್ದರೆ ಮೀಟರ್ 128 ಎಂದರೂ ತಪ್ಪಲ್ಲ, 172 ಎಂದರೂ ತಪ್ಪಲ್ಲ. ನಿನ್ನೆ 160, ಇವತ್ತು 145 ಬಂದರೆ ಅದನ್ನು ನೀರಿನ ಲೆಕ್ಕಕ್ಕೆ ಬರೆಯಲಾಗದು. ಮದ್ದು ಶುರು ಮಾಡಿದ ವಾರವೇ ಸಿಹಿ ಬಿಟ್ಟು ನಡಿಗೆಯನ್ನೂ ಶುರು ಮಾಡಿರುತ್ತಾರೆ, ಅದು ಬೇರೆ ಮಾತು.

ಒಬ್ಬರ ಉದಾಹರಣೆ ಇಟ್ಟುಕೊಳ್ಳೋಣ. ಬೆಳಿಗ್ಗೆ ರಾತ್ರಿ ಮೆಟ್‌ಫಾರ್ಮಿನ್ 500, ಬೆಳಗಿನ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ 1 ಮಿಲಿಗ್ರಾಂ. ಹೇಗೂ ನೀರು ಕುಡಿಯಬೇಕಲ್ಲ ಎಂದು ಅವರು ಬೆಳಗಿನ ಎರಡೂ ಮಾತ್ರೆಗಳನ್ನು ಬೆಂಡೆ ನೀರಿನಲ್ಲೇ ನುಂಗುತ್ತಾರೆ. ಮೆಟ್‌ಫಾರ್ಮಿನ್ ಹೀರಿಕೆ ಕಡಿಮೆಯಾದರೆ ಅದು ಅಂದೇ ಗೊತ್ತಾಗುವುದಿಲ್ಲ. ವಾರಗಳು ಕಳೆದಂತೆ ಊಟದ ನಂತರದ ಅಂಕಿ, ಆಮೇಲೆ ಎಚ್‌ಬಿಎ1ಸಿ ಮೆಲ್ಲಗೆ ಏರುತ್ತವೆ. ವೈದ್ಯರು ಮಾತ್ರೆ ಸಾಲುತ್ತಿಲ್ಲ ಎಂದು ಡೋಸ್ ಹೆಚ್ಚಿಸುತ್ತಾರೆ, ಬೆಂಡೆ ನೀರಿನ ವಿಷಯ ಅವರಿಗೆ ಗೊತ್ತಿರುವುದಿಲ್ಲ. ಮುಂದೆ ಎಂದೋ ನೀರು ನಿಲ್ಲಿಸಿದ ದಿನ, ಹೆಚ್ಚಿಸಿದ ಡೋಸ್ ಪೂರ್ತಿ ಕೆಲಸ ಮಾಡುತ್ತದೆ.

ಗ್ಲಿಮೆಪಿರೈಡ್‌ನ ಕತೆ ಬೇರೆ. ಸಕ್ಕರೆ ಕಡಿಮೆಯಿದ್ದರೂ ಅದು ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಲೋಳೆ ಕುಡಿದು ಹೊಟ್ಟೆ ತುಂಬಿದಂತಾಗಿ ತಿಂಡಿ ಅರ್ಧಕ್ಕೆ ಬಿಟ್ಟರೆ ಹತ್ತು ಹನ್ನೊಂದು ಗಂಟೆಗೆ ಕೈ ನಡುಕ, ಬೆವರು, ತಲೆ ಗಿರ್ರನೆ ತಿರುಗುವುದು ಶುರುವಾಗಬಹುದು. ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಎಚ್ಚರ ಬೇಕು. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಬೆಂಡೆಯಲ್ಲಿ ಆಕ್ಸಲೇಟ್ ಇದೆ ಎಂಬುದನ್ನು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಅದರಲ್ಲಿ ವಿಟಮಿನ್ ಕೆ ಇದೆ ಎಂಬುದನ್ನು ನೆನಪಿಟ್ಟು, ದಿನಾ ಶುರು ಮಾಡುವ ಮುಂಚೆ ಕೇಳಿಕೊಳ್ಳಬೇಕು.

ಹಾಗಾದರೂ ಕುಡಿಯುತ್ತೇನೆ ಅನ್ನುವವರು ಮಾತ್ರೆಯ ಹೊತ್ತು ಬದಲಿಸಬಾರದು, ಬೆಂಡೆ ನೀರಿನ ಹೊತ್ತು ಬದಲಿಸಬೇಕು. ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ, ಮಾತ್ರೆ ಸಾದಾ ನೀರಿನಲ್ಲೇ ಹೋಗಲಿ. ಆದರೆ ಇಲ್ಲೊಂದು ತೊಡಕಿದೆ. ಲೋಳೆ ಸಕ್ಕರೆಯನ್ನು ತಡೆಯುವುದು ಊಟದ ಜೊತೆ ಬೆರೆತಾಗ. ಮೆಟ್‌ಫಾರ್ಮಿನ್ ನುಂಗುವುದೂ ಊಟದ ಜೊತೆಗೇ. ಹೊತ್ತು ಬೇರೆ ಮಾಡಿದರೆ ಮಾತ್ರೆ ಉಳಿಯುತ್ತದೆ, ನೀರಿನಿಂದ ಬರಬೇಕಿದ್ದ ಲಾಭ ಹೆಚ್ಚೂಕಡಿಮೆ ಹೋಗುತ್ತದೆ. ಬೆಳಗ್ಗೆ ರಾತ್ರಿ ಮೆಟ್‌ಫಾರ್ಮಿನ್ ಇರುವವರಿಗೆ ಉಳಿಯುವುದು ಮಾತ್ರೆಯಿಲ್ಲದ ಮಧ್ಯಾಹ್ನದ ಊಟ ಒಂದೇ. ಆ ಹೊತ್ತಿಗಾದರೆ ಕಾಯಿ ಎಸೆದು ನೀರು ಕುಡಿಯುವ ಬದಲು ಕಾಯಿಯನ್ನೇ ಬೇಯಿಸಿ ತಿನ್ನುವುದು ಲೇಸು, ನಾರು ಪೂರ್ತಿ ಒಳಗೆ ಹೋಗುತ್ತದೆ. ಪರಿಣಾಮ ನೋಡಬೇಕೆಂದರೆ ಬೆಂಡೆಯಿರುವ ಊಟ, ಇಲ್ಲದ ಅದೇ ಊಟ, ಎರಡರ ನಂತರವೂ ಎರಡು ಗಂಟೆಗೆ ಸರಿಯಾಗಿ ಸಕ್ಕರೆ ನೋಡಿ ಬರೆದಿಡಬೇಕು. ಒಂದೆರಡು ದಿನವಲ್ಲ, ಕೆಲವು ಸಲ. ಆ ಚೀಟಿಯನ್ನು ಮುಂದಿನ ಸಲ ವೈದ್ಯರಿಗೆ ತೋರಿಸುವ ತನಕ ಮಾತ್ರೆಯ ಡೋಸ್ ಇದ್ದಂತೆಯೇ ಇರಲಿ.