ಆಟ್‌ವುಡ್ ಯಂತ್ರ: ರಾಟೆಗೂ ತೂಕ ಇದ್ದರೆ ಹಗ್ಗದ ಎಳೆತ ಯಾಕೆ ಎರಡಾಗುತ್ತದೆ?

ಒಂದು ರಾಟೆ, ಅದರ ಮೇಲೊಂದು ಹಗ್ಗ, ಹಗ್ಗದ ಎರಡು ತುದಿಗೆ ಎರಡು ತೂಕ. ಆಟ್‌ವುಡ್ ಯಂತ್ರ ಅಂದರೆ ಇಷ್ಟೇ. ಕೇಂಬ್ರಿಡ್ಜ್‌ನ ಜಾರ್ಜ್ ಆಟ್‌ವುಡ್ 1784ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ. ಕೈಬಿಟ್ಟ ಕಲ್ಲು ಕಣ್ಣುಮುಚ್ಚಿ ತೆಗೆಯೋದರೊಳಗೆ ನೆಲ ಮುಟ್ಟುತ್ತದೆ, ಆದರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ತೂಕ ಕಟ್ಟಿದರೆ ಭಾರದ ಕಡೆಯದ್ದು ನಿಧಾನಕ್ಕೆ ಇಳಿಯುತ್ತದೆ, ಗಡಿಯಾರ ಹಿಡಿದು ಅಳೆಯಬಹುದು.

ಪಿಯುಸಿಯಲ್ಲಿ ಈ ಲೆಕ್ಕ ಮಾಡುವಾಗ "ರಾಟೆಗೆ ದ್ರವ್ಯರಾಶಿ ಇಲ್ಲ ಎಂದುಕೊಳ್ಳಿ" ಅಂತ ಒಂದು ಸಾಲು ಇರುತ್ತದೆ. ಎಲ್ಲರೂ ಅದನ್ನು ಓದಿ ಮುಂದೆ ಹೋಗುತ್ತಾರೆ. ಹಗ್ಗದ ಎಳೆತಕ್ಕೆ ಎರಡೂ ಕಡೆ ಒಂದೇ `T` ಬರೆಯೋಕೆ ಪರವಾನಗಿ ಕೊಡುವುದು ಆ ಸಾಲೇ.

ಒಂದು ಕಡೆ 3 ಕೆಜಿ, ಇನ್ನೊಂದು ಕಡೆ 2 ಕೆಜಿ ಇರಲಿ. `g` 10 ಅಂತ ಇಟ್ಟುಕೊಳ್ಳೋಣ. ತೂಕವಿಲ್ಲದ ರಾಟೆಯಾದರೆ ವೇಗೋತ್ಕರ್ಷ 2 ಮೀ/ಸೆ², ಹಗ್ಗದ ಎಳೆತ ಎರಡೂ ಕಡೆ 24 ನ್ಯೂಟನ್. ಈಗ ಅದೇ ಜಾಗಕ್ಕೆ ಹಳೇ ಬಾವಿಯ ಗಡಗಡೆ ತರಹದ ಕಬ್ಬಿಣದ ರಾಟೆ ಹಾಕೋಣ, 10 ಕೆಜಿಯದ್ದು, ಗಟ್ಟಿ ಬಿಲ್ಲೆ ಆಕಾರದ್ದು. ಅಚ್ಚಿನಲ್ಲಿ ಘರ್ಷಣೆ ಇಲ್ಲ, ಹಗ್ಗ ಹಗುರ, ಅದು ರಾಟೆಯ ಮೇಲೆ ಜಾರುವುದೂ ಇಲ್ಲ.

ಬಹಳ ಜನ ಎಡವುವುದು ಇಲ್ಲೇ. ಅಭ್ಯಾಸಬಲದಿಂದ ಎರಡೂ ಕಡೆ ಒಂದೇ `T` ಬರೆದುಬಿಡುತ್ತಾರೆ. ಹಾಗೆ ಬರೆದರೆ ಒಂದು ಕಡೆಯ ಎಳೆತ ರಾಟೆಯನ್ನು ಎಷ್ಟು ತಿರುಗಿಸುತ್ತದೋ ಇನ್ನೊಂದು ಕಡೆಯದ್ದು ಅಷ್ಟೇ ಹಿಂದಕ್ಕೆ ತಿರುಗಿಸುತ್ತದೆ, ಒಟ್ಟು ಟಾರ್ಕ್ ಸೊನ್ನೆ. ಟಾರ್ಕ್ ಸೊನ್ನೆ ಆದರೆ ನಿಂತಿದ್ದ ರಾಟೆ ನಿಂತೇ ಇರಬೇಕು. ಆದರೆ ಹಗ್ಗ ಓಡುತ್ತಿದೆ, ಜಾರುತ್ತಲೂ ಇಲ್ಲ! 10 ಕೆಜಿ ಕಬ್ಬಿಣ ತಾನಾಗಿಯೇ ವೇಗ ಹಿಡಿಯುವುದಿಲ್ಲ ಅಲ್ವಾ? ಯಾರೋ ಅದನ್ನು ತಿರುಗಿಸಬೇಕು, ಅಲ್ಲಿ ಅದಕ್ಕೆ ಇರುವುದು ಹಗ್ಗ ಒಂದೇ. ಹಾಗಾಗಿ ಇಳಿಯುವ ಕಡೆಯ ಎಳೆತ ಏರುವ ಕಡೆಯದ್ದಕ್ಕಿಂತ ಜಾಸ್ತಿ ಇರಲೇಬೇಕು.

"ಒಂದೇ ಹಗ್ಗದಲ್ಲಿ ಎರಡು ಎಳೆತ ಹೇಗೆ?" ಅಂತ ಕೇಳಬಹುದು. ಹಗ್ಗ ರಾಟೆಯನ್ನು ಮುಟ್ಟಿಕೊಂಡಿರುವ ಅರ್ಧ ಸುತ್ತಿನಲ್ಲಿ ಘರ್ಷಣೆ ಕೆಲಸ ಮಾಡುತ್ತಿರುತ್ತದೆ. ಹಗ್ಗ ರಾಟೆಯನ್ನು ಮುಂದಕ್ಕೆ ಎಳೆಯುತ್ತದೆ, ರಾಟೆ ಹಗ್ಗವನ್ನು ಹಿಂದಕ್ಕೆ ಹಿಡಿಯುತ್ತದೆ. ಆ ಬಾಗಿನ ಉದ್ದಕ್ಕೂ ಎಳೆತ ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಹೋಗುತ್ತದೆ. ನೇರವಾಗಿ ಇಳಿಬಿದ್ದ ಭಾಗದಲ್ಲಿ ಮಾತ್ರ ಅದು ಬದಲಾಗುವುದಿಲ್ಲ.

ಇಳಿಯುವ ಕಡೆಯ ಎಳೆತ `T1`, ಏರುವ ಕಡೆಯದ್ದು `T2`, ವೇಗೋತ್ಕರ್ಷ `a` ಇರಲಿ. ರಾಟೆಯ ದ್ರವ್ಯರಾಶಿ `M`, ತ್ರಿಜ್ಯ `R`, ತಿರುಗಲು ಅದು ಒಡ್ಡುವ ಜಡತ್ವ `I`, ಕೋನೀಯ ವೇಗೋತ್ಕರ್ಷ `α`. ಈಗ ಮೂರು ವಸ್ತುಗಳಿಗೆ ಮೂರು ಸಮೀಕರಣ:

```
30 - T1 = 3a
T2 - 20 = 2a
(T1 - T2)R = Iα
```

ಗಟ್ಟಿ ಬಿಲ್ಲೆಗೆ `I = MR²/2`. ಹಗ್ಗ ಜಾರದ ಕಾರಣ `α = a/R`. ಇವೆರಡನ್ನೂ ಹಾಕಿದರೆ `R` ಹೊರಟೇ ಹೋಗುತ್ತದೆ, ಮೂರನೆಯದು `T1 - T2 = Ma/2`, ಅಂದರೆ `5a` ಆಗುತ್ತದೆ. ಮೂರನ್ನೂ ಕೂಡಿದರೆ ಎಳೆತಗಳೆಲ್ಲ ಹೊಡೆದುಹೋಗಿ `10 = 10a` ಉಳಿಯುತ್ತದೆ. ವೇಗೋತ್ಕರ್ಷ 1 ಮೀ/ಸೆ². `T1` 27 ನ್ಯೂಟನ್, `T2` 22 ನ್ಯೂಟನ್.

ರಾಟೆಯ 10 ಕೆಜಿ ಇಲ್ಲಿ 5 ಕೆಜಿಯ ಹಾಗೆ ನಡೆದುಕೊಂಡಿತು, ಗಮನಿಸಿದಿರಾ? ರಾಟೆಯ ಅಂಚು ಹಗ್ಗದಷ್ಟೇ ವೇಗವಾಗಿ ಹೋಗುತ್ತದೆ, ನಡುವಿನ ಕಬ್ಬಿಣ ನಿಧಾನಕ್ಕೆ ಸುತ್ತುತ್ತದೆ, ಅದಕ್ಕೆ ಪೂರ್ತಿ ಭಾರ ಲೆಕ್ಕಕ್ಕೆ ಬರುವುದಿಲ್ಲ. ಇಡೀ ತೂಕ ಅಂಚಿನಲ್ಲೇ ಇರುವ ಬಳೆಯಂಥ ಚಕ್ರವಾಗಿದ್ದರೆ 10 ಕೆಜಿಯೂ ಲೆಕ್ಕಕ್ಕೆ ಬಂದು ವೇಗೋತ್ಕರ್ಷ ಸುಮಾರು 0.67ಕ್ಕೆ ಇಳಿಯುತ್ತಿತ್ತು.

ಉತ್ತರ ಸರಿ ಇದೆಯೇ ಅಂತ ನೋಡೋಕೆ ನಾನು ರಾಟೆಯನ್ನು ತೂಗುಹಾಕಿರುವ ಮೇಲಿನ ಕೊಕ್ಕೆಯ ಕಡೆ ತಿರುಗುತ್ತೇನೆ. ಕೊಕ್ಕೆ ಹೊರುವ ಭಾರ 27 + 22 + ರಾಟೆಯದೇ 100, ಒಟ್ಟು 149 ನ್ಯೂಟನ್. ಎಲ್ಲವನ್ನೂ ಸುಮ್ನೆ ತಕ್ಕಡಿಗೆ ಹಾಕಿದರೆ 150. ಒಂದು ನ್ಯೂಟನ್ ಎಲ್ಲಿ ಹೋಯಿತು? 3 ಕೆಜಿ ಇಳಿಯುತ್ತಿದೆ, 2 ಕೆಜಿ ಏರುತ್ತಿದೆ, ಎರಡೂ 1 ಮೀ/ಸೆ²ನಲ್ಲಿ. ಲೆಕ್ಕದಲ್ಲಿ 1 ಕೆಜಿ ಹೆಚ್ಚಿಗೆ ಕೆಳಕ್ಕೆ ವೇಗ ಹಿಡಿಯುತ್ತಿದೆ. ಅದಕ್ಕೆ ಬೇಕಾದ ಬಲ ಸರಿಯಾಗಿ 1 ನ್ಯೂಟನ್.

ಇನ್ನೊಂದು ಮಾತು. ಎಳೆತ ಬೇರೆಯಾಗುವುದು ರಾಟೆ ಭಾರ ಇದೆ ಅನ್ನೋ ಕಾರಣಕ್ಕಷ್ಟೇ ಅಲ್ಲ, ಅದರ ವೇಗ ಬದಲಾಗುತ್ತಿದೆ ಅನ್ನೋ ಕಾರಣಕ್ಕೆ. ಎರಡೂ ಕಡೆ 2 ಕೆಜಿ ಕಟ್ಟಿ ಮೆಲ್ಲಗೆ ತಳ್ಳಿಬಿಟ್ಟರೆ ಒಂದೇ ವೇಗದಲ್ಲಿ ಓಡುತ್ತಿರುತ್ತದೆ, ಆಗ ಎಷ್ಟೇ ಭಾರದ ರಾಟೆಯಾದರೂ ಎರಡೂ ಕಡೆ 20 ನ್ಯೂಟನ್ನೇ. ಇನ್ನು ನಮ್ಮ 3–2 ಕೆಜಿ ಲೆಕ್ಕದಲ್ಲೇ ರಾಟೆಯ ಕಾಲುವೆಗೆ ಚೆನ್ನಾಗಿ ಎಣ್ಣೆ ಹಚ್ಚಿ ಘರ್ಷಣೆಯೇ ಇಲ್ಲದಂತೆ ಮಾಡಿದರೆ ಹಗ್ಗ ಜಾರುತ್ತದೆ, ರಾಟೆ ಅಲುಗುವುದೇ ಇಲ್ಲ, ಮತ್ತೆ 24 ನ್ಯೂಟನ್, 2 ಮೀ/ಸೆ².