ಮೂರು ಪಟ್ಟು ದಾಟಿದರೆ ತಿರುಗಿಸು

ಶಿರಸಿಯಲ್ಲಿ ನಮ್ಮ ಭಾವನ ಅಡಿಕೆ ದಲಾಲಿ ಮಂಡಿ ಇದೆ. ಟೆಂಡರ್ ಮುಗಿದ ಮೇಲೆ ತೋಟದವರು ಬಂದು ಕೇಳುವುದು ಒಂದೇ ಮಾತು: "ಇವತ್ತು ನನ್ನ ಚಾಲಿಗಿಂತ ಕಡಿಮೆ ದರಕ್ಕೆ ಎಷ್ಟು ಲಾಟ್ ಹೋಯ್ತು?" ಇದಕ್ಕೆ ತಟ್ಟನೆ ಉತ್ತರ ಸಿಗಲಿ ಅಂತ ಅವನಿಗೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ದರಗಳನ್ನು ಬೈನರಿ ಮರದಲ್ಲಿ ಇಟ್ಟಿದ್ದೆ. ಪ್ರತಿ ನೋಡ್‌ನಲ್ಲಿ ಒಂದು ದರ, ಅದಕ್ಕಿಂತ ಕಡಿಮೆಯವು ಎಡಗಡೆ, ಜಾಸ್ತಿಯವು ಬಲಗಡೆ.

ಸೀಸನ್ನಿನ ಪೂರ್ತಿ ಲೆಕ್ಕ ಹಾಕಿದಾಗ ಪ್ರೋಗ್ರಾಂ ತೆವಳತೊಡಗಿತು. ಮಂಡಿಯಲ್ಲಿ ಚೀಟಿಗಳನ್ನು ದರದ ಪ್ರಕಾರ ಜೋಡಿಸಿಟ್ಟುಕೊಂಡೇ ಟೈಪ್ ಮಾಡುತ್ತಿದ್ದರು. ಪ್ರತಿ ಹೊಸ ದರ ಹಿಂದಿನದಕ್ಕಿಂತ ಜಾಸ್ತಿ, ಹಾಗಾಗಿ ಎಲ್ಲವೂ ಬಲಕ್ಕೇ ಹೋಗಿ ಕೂತವು. ಮರ ಹೋಗಿ ಕವಲೇ ಇಲ್ಲದ ಅಡಿಕೆ ಮರದ ಹಾಗೆ ಉದ್ದಕ್ಕೆ ನಿಂತಿತ್ತು, ಒಂದು ದರ ಹುಡುಕಲು ಒಂದೊಂದೇ ನೋಡ್ ದಾಟಿ ಇಳಿಯಬೇಕಿತ್ತು.

ಪರಿಹಾರ ನನ್ನ ಕೈಯಲ್ಲೇ ಇತ್ತು. "ಎಷ್ಟು ಲಾಟ್ ಕಡಿಮೆ" ಅಂತ ಹೇಳಬೇಕಿದ್ದರಿಂದ, ಪ್ರತಿ ನೋಡ್‌ನಲ್ಲೂ ಅದನ್ನೂ ಸೇರಿಸಿ ಅದರ ಕೆಳಗಿನ ಕೊಂಬೆಯಲ್ಲಿ ಒಟ್ಟು ಎಷ್ಟು ನೋಡ್ ಇವೆ ಅಂತ ಬರೆದಿಟ್ಟಿದ್ದೆ. ಮರ ಎತ್ತ ವಾಲಿದೆ ಅಂತ ತಿಳಿಯಲು ಆ ಲೆಕ್ಕವೇ ಸಾಕು. ಎತ್ತರ ಅಂತ ಬೇರೆ ಸಂಖ್ಯೆ ಇಡಬೇಕಿಲ್ಲ. ನೀವರ್ಗೆಲ್ಟ್ ಮತ್ತು ರೈನ್‌ಗೋಲ್ಡ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಇಂಥ ಮರವನ್ನು 1970ರ ದಶಕದ ಮೊದಲಲ್ಲೇ ತೋರಿಸಿಕೊಟ್ಟಿದ್ದರು.

ಕೊಂಬೆಯ ತೂಕ ಅಂದರೆ ಅದರಲ್ಲಿರುವ ನೋಡ್‌ಗಳ ಸಂಖ್ಯೆಗೆ ಒಂದು ಸೇರಿಸಿದ್ದು. ಖಾಲಿ ಕೊಂಬೆಯ ತೂಕ 1. ಹೀಗೆ ಮಾಡಿದರೆ ಎಡ, ಬಲ ಎರಡರ ತೂಕ ಕೂಡಿಸಿದಾಗ ಸರಿಯಾಗಿ ಇಡೀ ಕೊಂಬೆಯ ತೂಕ ಬರುತ್ತದೆ. ಬಲಗಡೆ ಭಾರವಾದಾಗ ನೋಡುವುದು ಇಷ್ಟೇ (ಎಡಕ್ಕೆ ಇದರ ಕನ್ನಡಿ ರೂಪ):

```
w(t) = size(t) + 1
w(R) > 3 * w(L)
w(RL) < 2 * w(RR)
```

`w` ಅಂದರೆ ತೂಕ, `size` ನೋಡ್‌ಗಳ ಸಂಖ್ಯೆ, `L` ಎಡಕೊಂಬೆ, `R` ಬಲಕೊಂಬೆ. ಎರಡನೇ ಸಾಲು ನಿಜವಾದರೆ ತಿರುಗಿಸಬೇಕು, ಅಂದರೆ ದರಗಳ ಕ್ರಮ ಕೆಡದ ಹಾಗೆ ಕೆಳಗಿನ ನೋಡ್ ಒಂದನ್ನು ಮೇಲೆತ್ತಿ ಮೇಲಿನದನ್ನು ಇಳಿಸಬೇಕು. ಹೇಗೆ ತಿರುಗಿಸಬೇಕು ಅನ್ನುವುದನ್ನು ಮೂರನೇ ಸಾಲು ಹೇಳುತ್ತದೆ. `RL` ಅಂದರೆ ಬಲಮಗುವಿನ ಎಡಕೊಂಬೆ, ಅಂದರೆ ಒಳಗಿನ ಮೊಮ್ಮಗು. `RR` ಹೊರಗಿನ ಮೊಮ್ಮಗು.

ದರಗಳನ್ನು ಸಾವಿರದಲ್ಲಿ ಬರೆಯೋಣ. 31, 32, 33 ಒಂದಾದ ಮೇಲೊಂದು ಬಂದವು. 31ರ ಎಡ ಖಾಲಿ, ತೂಕ 1. ಬಲದ ತೂಕ 3. ಮೂರು ಪಟ್ಟು ಆಯಿತು, ಆದರೆ ದಾಟಿಲ್ಲ. ಸುಮ್ನೆ ಬಿಡಬೇಕು. 34 ಬಂದಾಗ ಬಲದ ತೂಕ 4, ಈಗ ದಾಟಿತು. 32ರ ಒಳಗಿನ ಕೊಂಬೆ ಖಾಲಿ, ತೂಕ 1. ಹೊರಗಿನದ್ದು 3. ಮೂರನೇ ಸಾಲು ನಿಜ, ಹಾಗಾಗಿ ಒಂದೇ ತಿರುವು ಸಾಕು. 32 ಮೇಲೇರುತ್ತದೆ, 31 ಅದರ ಎಡಕ್ಕೆ ಇಳಿಯುತ್ತದೆ. ಎಡದ ತೂಕ 2, ಬಲದ್ದು 3.

ಅವೇ ನಾಲ್ಕು ದರ 31, 34, 32, 33 ಅಂತ ಬಂದರೆ? ಮತ್ತೆ ಎಡ 1, ಬಲ 4. ಆದರೆ ಈ ಸಲ ಬಲಮಗು 34. ಅದರ ಒಳಗಿನ ಕೊಂಬೆಯಲ್ಲಿ 32, 33 ಇವೆ, ತೂಕ 3. ಹೊರಗಿನದ್ದು ಖಾಲಿ. ಇಲ್ಲಿ ಒಂದೇ ತಿರುವು ಕೊಟ್ಟು ನೋಡಿ: 34 ಮೇಲೆ ಬರುತ್ತದೆ, 31 ತನ್ನ ಜೊತೆ 32, 33ನ್ನೂ ಎಳೆದುಕೊಂಡು ಎಡಕ್ಕೆ ಹೋಗುತ್ತದೆ. ಈಗ ಎಡ 4, ಬಲ 1. ವಾಲಿದ್ದು ಹಾಗೇ ಇದೆ, ದಿಕ್ಕು ಮಾತ್ರ ಬದಲಾಯಿತು! ಒಳಗಿನ ಕೊಂಬೆ ಭಾರವಾಗಿದ್ದರೆ ಅದನ್ನೇ ಒಡೆಯಬೇಕು. ಅದಕ್ಕೇ ಎರಡು ತಿರುವು. 32 ಮೇಲೆ ಬರುತ್ತದೆ, 31 ಎಡಕ್ಕೆ, 34 ಬಲಕ್ಕೆ, 33 ಹೋಗಿ 34ರ ಎಡಕ್ಕೆ. ತೂಕ 2 ಮತ್ತು 3.

ಯಾವ ಕೊಂಬೆಯೂ ತನ್ನ ತಾಯಿಯ ತೂಕದ ಮುಕ್ಕಾಲನ್ನು ಮೀರದ ಕಾರಣ, ಒಂದು ಲಕ್ಷ ಲಾಟ್ ಹಾಕಿದರೂ ಮರ 40 ಮೆಟ್ಟಿಲಿಗಿಂತ ಆಳಕ್ಕೆ ಹೋಗುವುದಿಲ್ಲ.

ಇನ್ನು ಆ 3 ಮತ್ತು 2. ಇವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಬಹುದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಹಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ `Data.Map` ಲೈಬ್ರರಿಯಲ್ಲಿರುವುದು ಇದೇ ಜಾತಿಯ ಮರ. ಅದರಲ್ಲಿ ಮೊದಲು ಬೇರೆ ಸಂಖ್ಯೆಗಳಿದ್ದವು. ಕೆಲವು ನೋಡ್‌ಗಳನ್ನು ಅಳಿಸಿದ ಮೇಲೆ, ತಿರುಗಿಸಿದರೂ ಮರ ಸಮ ಆಗುತ್ತಿರಲಿಲ್ಲ. ಹಿರಾಯಿ ಮತ್ತು ಯಾಮಾಮೊಟೊ ಎಂಬ ಸಂಶೋಧಕರು 2011ರಲ್ಲಿ, ಗಣಿತದ ಸಾಧನೆಗಳು ಸರಿಯೇ ಅಂತ ಪರೀಕ್ಷಿಸುವ ಕಾಕ್ ಎಂಬ ಪ್ರೋಗ್ರಾಂನಲ್ಲಿ, 3 ಮತ್ತು 2 ಇಟ್ಟರೆ ಮರ ಸಮವಾಗಿಯೇ ಉಳಿಯುತ್ತದೆ ಅಂತ ಸಾಧಿಸಿದರು. ಪೂರ್ಣಾಂಕಗಳಲ್ಲಿ ಸೇರಿಸಲು, ಅಳಿಸಲು ಎರಡಕ್ಕೂ ಸರಿಹೋಗುವ ಜೋಡಿ ಒಂದೇ: 3 ಮತ್ತು 2.

ಇಂಥ ತಪ್ಪು ಬೇಗ ಸಿಗದಿರಲು ಕಾರಣ ಇದೆ. ಮರ ವಾಲಿದರೂ ಉತ್ತರ ತಪ್ಪಾಗುವುದಿಲ್ಲ, ಎಡ ಚಿಕ್ಕದು ಬಲ ದೊಡ್ಡದು ಅನ್ನುವ ಕ್ರಮ ಕೆಡುವುದಿಲ್ಲ. ನಿಧಾನ ಆಗುತ್ತದೆ, ಅಷ್ಟೇ. ಅದಕ್ಕೇ ಈಗ ನನ್ನ ಪ್ರೋಗ್ರಾಂ ಪರೀಕ್ಷಿಸುವಾಗ, ಪ್ರತಿ ಸಲ ಸೇರಿಸಿದ ಮೇಲೆ, ಅಳಿಸಿದ ಮೇಲೆ, ಇಡೀ ಮರ ಸುತ್ತಿ ಒಂದೊಂದು ನೋಡ್‌ನ ಎರಡೂ ಬದಿ ತೂಗಿ ನೋಡುವ ಫಂಕ್ಷನ್ ಓಡಿಸುತ್ತೇನೆ. ಮೊದಲ ದಿನವೇ ಅದು ನನ್ನ ತಪ್ಪೊಂದನ್ನು ಹಿಡಿಯಿತು: ಎರಡು ತಿರುವಿನ ನಂತರ 34ರ ನೋಡ್‌ನಲ್ಲಿ ಹಳೆಯ ಲೆಕ್ಕವೇ ಉಳಿದಿತ್ತು.