ಬೆಲೆ ಇಳಿದರೆ ಒಳ್ಳೆಯದೇ ಅಲ್ವಾ, ಡಿಫ್ಲೇಶನ್‌ಗೆ ಯಾಕೆ ಹೆದರುತ್ತಾರೆ?

ಓದುಗರ ಪ್ರಶ್ನೆ: ಹಣದುಬ್ಬರ ಅಂದರೆ ಬೆಲೆ ಏರುವುದು ಅಂತ ಗೊತ್ತು. ಆದರೆ ಸುದ್ದಿಯಲ್ಲಿ ಸ್ಟ್ಯಾಗ್‌ಫ್ಲೇಶನ್, ಡಿಫ್ಲೇಶನ್ ಅಂತಲೂ ಬರುತ್ತದೆ. ಇವು ಬೇರೆ ಹೇಗೆ? ಬೆಲೆ ಇಳಿದರೆ ನಮಗೆ ಲಾಭ ತಾನೇ?

ಲಾಭ ಅನ್ನಿಸುವುದು ಸಹಜ. ಒಂದು ಸಣ್ಣ ಬೇಕರಿಯ ಲೆಕ್ಕ ಹಾಕಿ ನೋಡೋಣ. ಮಾಲೀಕರು ಓವನ್‌ಗೆ ಸಾಲ ಮಾಡಿದ್ದಾರೆ, ತಿಂಗಳ ಕಂತು 10,000 ರೂಪಾಯಿ. ಬನ್ನಿಗೆ 10 ರೂಪಾಯಿ. ಅಂದರೆ 1,000 ಬನ್ ಮಾರಿದ ದುಡ್ಡು ಕಂತಿಗೇ ಹೋಗುತ್ತದೆ.

ಈಗ ಎಲ್ಲ ಕಡೆ ಬೆಲೆ ಏರಿ ಬನ್ 12 ರೂಪಾಯಿ ಆಯಿತು ಅಂದುಕೊಳ್ಳಿ. ಸುಮಾರು 833 ಬನ್ ಮಾರಿದರೆ ಕಂತಿನ ದುಡ್ಡು ಬಂತು. ಮೈದಾ, ಸಕ್ಕರೆ, ಕೂಲಿ ಎಲ್ಲವೂ ಏರಿರುತ್ತವೆ ನಿಜ, ಆದರೆ ಸಾಲ ಮಾತ್ರ ಏರಿಲ್ಲ. ಇದು ಸಾದಾ ಹಣದುಬ್ಬರ. ವ್ಯಾಪಾರ ನಡೆಯುತ್ತಿದ್ದು, ಸಂಬಳವೂ ಜೊತೆಗೆ ಏರುತ್ತಿದ್ದರೆ ಅಲ್ಪಸ್ವಲ್ಪ ಬೆಲೆ ಏರಿಕೆಯನ್ನು ಜನ ತಡೆದುಕೊಳ್ಳುತ್ತಾರೆ. ನಮ್ಮ ರಿಸರ್ವ್ ಬ್ಯಾಂಕಿನ ಗುರಿಯೇ ಶೇ 4ರ ಹಣದುಬ್ಬರ, ಸೊನ್ನೆ ಅಲ್ಲ.

ಇನ್ನು ಉಲ್ಟಾ ನೋಡಿ. ಬನ್ 8 ರೂಪಾಯಿಗೆ ಇಳಿಯಿತು. ಅದೇ ಕಂತಿಗೆ ಈಗ 1,250 ಬನ್ ಮಾರಬೇಕು. ಬ್ಯಾಂಕು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳಿಲ್ಲ, ಆದರೂ ಸಾಲ ಭಾರವಾಯಿತು. ಮಾಲೀಕರು ಒಬ್ಬ ಕೆಲಸದವನನ್ನು ಬಿಡಿಸುತ್ತಾರೆ. ಅವನ ಮನೆಯಲ್ಲಿ ಖರ್ಚು ಕಡಿಮೆಯಾಗುತ್ತದೆ. ಅವನು ಸಾಮಾನು ತರುತ್ತಿದ್ದ ಅಂಗಡಿಯಲ್ಲೂ ವ್ಯಾಪಾರ ಇಳಿದು, ಅಲ್ಲಿಯೂ ಬೆಲೆ ಇಳಿಸಬೇಕಾಗುತ್ತದೆ. ಹೀಗೆ ಒಂದೆರಡು ವಸ್ತುವಲ್ಲ, ಒಟ್ಟಾರೆ ಬೆಲೆಗಳೇ ಬಹಳ ಕಾಲ ಇಳಿಯುತ್ತಾ ಹೋಗುವುದಕ್ಕೆ ಡಿಫ್ಲೇಶನ್ ಅನ್ನುತ್ತಾರೆ.

ಜಪಾನ್ ಇದನ್ನು ಅನುಭವಿಸಿದೆ. 1990ರ ಹೊತ್ತಿಗೆ ಅಲ್ಲಿ ಷೇರು ಮತ್ತು ಭೂಮಿ ಬೆಲೆಯ ಗುಳ್ಳೆ ಒಡೆಯಿತು. ಕಂಪನಿಗಳು ಹೊಸದಾಗಿ ಬಂಡವಾಳ ಹಾಕುವುದನ್ನು ಬಿಟ್ಟು ಹಳೆ ಸಾಲ ತೀರಿಸಲು ಕೂತವು. 90ರ ದಶಕದ ಕೊನೆಗೆ ಬೆಲೆಗಳೇ ಇಳಿಯತೊಡಗಿದವು. ಕೇಂದ್ರ ಬ್ಯಾಂಕು 1999ರಲ್ಲಿ ಬಡ್ಡಿಯನ್ನು ಹೆಚ್ಚೂಕಡಿಮೆ ಸೊನ್ನೆಗೆ ತಂದರೂ ಜನ ಸಾಲಕ್ಕೆ ಮುಂದೆ ಬರಲಿಲ್ಲ. ಬೆಲೆ ಏರುವುದಿಲ್ಲ ಎಂಬುದು ಅಲ್ಲಿನವರ ಮನಸ್ಸಿನಲ್ಲಿ ಎಷ್ಟು ಊರಿತ್ತು ಅಂದರೆ, 2016ರಲ್ಲಿ ಗರಿಗರಿ-ಕುನ್ ಎಂಬ ಐಸ್ ಕ್ಯಾಂಡಿಯ ಬೆಲೆ 25 ವರ್ಷಗಳ ನಂತರ 60ರಿಂದ 70 ಯೆನ್ ಆದಾಗ, ಕಂಪನಿಯವರು ಸಾಲಾಗಿ ನಿಂತು ತಲೆಬಾಗಿ ಕ್ಷಮೆ ಕೇಳುವ ಜಾಹೀರಾತನ್ನೇ ಟಿವಿಯಲ್ಲಿ ಹಾಕಿದರು.

ಸ್ಟ್ಯಾಗ್‌ಫ್ಲೇಶನ್‌ನಲ್ಲಿ ಬೆಲೆ ಏರುತ್ತದೆ, ಆದರೆ ವ್ಯಾಪಾರ, ಕೆಲಸ ಎರಡೂ ಕುಸಿಯುತ್ತವೆ. ನಿಂತ ನೀರಿನಂಥ ಆರ್ಥಿಕತೆ, ಅದರ ಮೇಲೆ ಬೆಲೆ ಏರಿಕೆ. ಈ ಪದ 1965ರಲ್ಲಿ ಬ್ರಿಟನ್ ಸಂಸತ್ತಿನಲ್ಲಿ ಇಯಾನ್ ಮೆಕ್ಲಾಡ್ ಎಂಬ ರಾಜಕಾರಣಿಯ ಮಾತಿನಲ್ಲಿ ಬಂತು. ಮನೆಮಾತಾಗಿದ್ದು ಎಪ್ಪತ್ತರ ದಶಕದಲ್ಲಿ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ತೈಲ ದುಬಾರಿಯಾದರೆ ಎಲ್ಲವೂ ದುಬಾರಿ, ಜೊತೆಗೆ ಕಾರ್ಖಾನೆಗಳೂ ಉತ್ಪಾದನೆ ತಗ್ಗಿಸುತ್ತವೆ. 1975ರ ಮೇ ತಿಂಗಳಲ್ಲಿ ಅಮೆರಿಕದ ನಿರುದ್ಯೋಗ ಶೇ 9 ಮುಟ್ಟಿತು.

ಇಲ್ಲಿ ಕೇಂದ್ರ ಬ್ಯಾಂಕಿನ ಕೈ ಕಟ್ಟಿಹೋಗುತ್ತದೆ. ಸಾದಾ ಹಣದುಬ್ಬರಕ್ಕೆ ಬಡ್ಡಿ ಏರಿಸುತ್ತಾರೆ. ಡಿಫ್ಲೇಶನ್‌ಗೆ ಇಳಿಸುತ್ತಾರೆ. ಸ್ಟ್ಯಾಗ್‌ಫ್ಲೇಶನ್‌ಗೆ ಏನು ಮಾಡುವುದು? ಏರಿಸಿದರೆ ಇರುವ ಕೆಲಸಗಳೂ ಹೋಗುತ್ತವೆ, ಇಳಿಸಿದರೆ ಬೆಲೆ ಇನ್ನೂ ಏರುತ್ತದೆ. 1979ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್‌ನ ಮುಖ್ಯಸ್ಥರಾದ ಪಾಲ್ ವೋಲ್ಕರ್ ಮೊದಲ ದಾರಿ ಹಿಡಿದರು. ಬಡ್ಡಿ ಶೇ 20ರ ಹತ್ತಿರ ಹೋಯಿತು. ಬೆಲೆ ಹತೋಟಿಗೆ ಬಂತು, ಆದರೆ 1982ರ ಕೊನೆಗೆ ನಿರುದ್ಯೋಗ ಶೇ 10.8. ಆ ಬೆಲೆ ತೆತ್ತವರು ಕೆಲಸ ಕಳೆದುಕೊಂಡ ಜನ. ಅದನ್ನು ಮರೆತು ವೋಲ್ಕರ್ ಅವರನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಗೆ, ಬಹಳ ಜನ ಎಡವುವ ಒಂದು ಜಾಗ. ‘ಹಣದುಬ್ಬರ ಇಳಿಕೆ’ ಅಂತ ಸುದ್ದಿ ಬಂದರೆ ಬೆಲೆ ಇಳಿಯಿತು ಅಂತ ಅರ್ಥವಲ್ಲ. 100 ರೂಪಾಯಿಯ ವಸ್ತು ಒಂದು ವರ್ಷ 106 ಆಗಿ, ಮರುವರ್ಷ 108 ಆದರೆ ಹಣದುಬ್ಬರ ಶೇ 6ರಿಂದ ಶೇ 2ರ ಆಸುಪಾಸಿಗೆ ಇಳಿದಿದೆ. ಬೆಲೆ ಏರುತ್ತಲೇ ಇದೆ, ನಿಧಾನವಾಗಿ. 2025ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಬಂದಾಗ ಡಿಫ್ಲೇಶನ್ ಬಂತೇ ಎಂದು ಕೇಳಿದವರಿದ್ದರು. ಆಗ ಹಿಂದಿನ ವರ್ಷಕ್ಕಿಂತ ಅಗ್ಗವಾಗಿದ್ದು ಮುಖ್ಯವಾಗಿ ತರಕಾರಿ, ಬೇಳೆಯಂಥ ಆಹಾರ ಪದಾರ್ಥಗಳು. ಚಿನ್ನ ಏರುತ್ತಲೇ ಇತ್ತು, ಒಟ್ಟು ಅಂಕಿ ಕೂಡ ಸೊನ್ನೆಗಿಂತ ಮೇಲೇ ಇತ್ತು. ಅದು ಡಿಫ್ಲೇಶನ್ ಆಗಿರಲಿಲ್ಲ.